ಸಹರಿಯಲ್ಲಿ ಒಂದೂವರೆ ಲೀಟರ್ ನೀರು ಕುಡಿದರೂ ಮಧ್ಯಾಹ್ನ ಮೂರಕ್ಕೆ ತಲೆ ಸಿಡಿಯುತ್ತದೆ, ಏನು ಮಾಡಲಿ?

ತಿಲಕನಗರ ಸವಾರ
ಎಲ್ಲರಿಗೂ ಸಲಾಂ, ನಮಸ್ಕಾರ. ನಾನು ಪಾರ್ಸೆಲ್ ಡೆಲಿವರಿ ಕೆಲಸ ಮಾಡುತ್ತೇನೆ. ಜಯನಗರ, ಬಿಟಿಎಂ, ಕೋರಮಂಗಲ ಕಡೆ ಓಡಾಟ. ಬೆಳಿಗ್ಗೆ ಎಂಟಕ್ಕೆ ಗಾಡಿ ಹತ್ತಿದರೆ ಸಂಜೆ ಐದೂವರೆವರೆಗೂ ಬಿಸಿಲು, ಹೆಲ್ಮೆಟ್, ಸಿಗ್ನಲ್. ರಂಜಾನ್ ತಿಂಗಳು, ರೋಜಾ ಬಿಡುವ ಮಾತಿಲ್ಲ. ಆದರೆ ಈ ಸಲ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ತಲೆನೋವು ಶುರುವಾಗುತ್ತದೆ. ಬಾಯಿ ಅಂಟು ಅಂಟು. ನಿಂತರೆ ಕಣ್ಣು ಮಂಜಾಗುತ್ತದೆ.

ನನ್ನ ದಿನಚರಿ ಹೀಗಿದೆ. ಸಹರಿ ಊಟಕ್ಕೆ 4:40ಕ್ಕೆ ಏಳುತ್ತೇನೆ. ರಾತ್ರಿ ಉಳಿದ ಬಿರಿಯಾನಿ, ಇಲ್ಲದಿದ್ದರೆ ಪರೋಟ ಮತ್ತು ಚಿಕನ್ ಸಾರು, ಜೊತೆಗೆ ಉಪ್ಪಿನಕಾಯಿ. ಆಮೇಲೆ ಸಹರಿ ಮುಗಿಯುವ ಮುಂಚಿನ ಹತ್ತು ಹದಿನೈದು ನಿಮಿಷದಲ್ಲಿ ಗಟಗಟ ಒಂದೂವರೆ ಲೀಟರ್ ನೀರು. ಸಂಜೆ ಆರೂವರೆಗೆ ಖರ್ಜೂರ, ನಾಲ್ಕು ಸಮೋಸ, ಪಕೋಡ, ಮೂರು ಲೋಟ ಶರಬತ್ತು. ಅಲ್ಲಿಗೆ ಹೊಟ್ಟೆ ಕಲ್ಲಾಗುತ್ತದೆ. ತರಾವೀಹ್ ನಮಾಜ್ ಮುಗಿಸಿ ಬಂದು ಹತ್ತು ಗಂಟೆಗೆ ಊಟ, ಒಂದು ಚಾ, ನಿದ್ದೆ.

ಇಷ್ಟೊಂದು ನೀರು ಕುಡಿದ ಮೇಲೂ ಹೀಗೇಕೆ? ಸಹರಿಗೆ ಎರಡು ಲೀಟರ್ ಮಾಡಲಾ?

ಜಯನಗರ ಮಂಜು
ಬ್ರದರ್, ನಾನೂ ಎರಡು ವರ್ಷದಿಂದ ಹದಿನಾರು ಗಂಟೆ ಉಪವಾಸ ಮಾಡುತ್ತಿದ್ದೇನೆ. ತಲೆನೋವು ಬಂದರೆ ನಿಂಬೆ ನೀರಿಗೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ, ಇಲ್ಲವೇ ಸಕ್ಕರೆ ಇಲ್ಲದ ಬ್ಲ್ಯಾಕ್ ಕಾಫಿ. ಹತ್ತು ನಿಮಿಷದಲ್ಲಿ ಫ್ರೆಶ್.

ತಿಲಕನಗರ ಸವಾರ
ಮಂಜು ಅಣ್ಣ, ರೋಜಾದಲ್ಲಿ ಹಗಲು ನೀರೂ ಇಲ್ಲ. ಹನಿ ಕೂಡ ಇಲ್ಲ. ಅದೇ ಸಮಸ್ಯೆ.

ಜಯನಗರ ಮಂಜು
ಓಹ್ ನೀರೂ ಇಲ್ವಾ. ನಮ್ಮ ಆಫೀಸಿನಲ್ಲಿ ಹುಡುಗರು ಸುಮ್ನೆ ಊಟ ಬಿಡುತ್ತಾರೆ ಅಂದುಕೊಂಡಿದ್ದೆ. ಹಾಗಾದರೆ ನನ್ನ ಮಾತು ಬಿಡಿ. ಈ ಬಿಸಿಲಲ್ಲಿ ಬೈಕ್ ಮೇಲೆ, ದೇವರೇ.

ಚಾ ಬಿಟ್ಟವನು
ಕಾರಣ ಗೊತ್ತಾಯಿತು. ರಾತ್ರಿ ಚಾ. ಚಾ ಮೈಯಲ್ಲಿರುವ ನೀರನ್ನೆಲ್ಲ ಎಳೆದು ಹೊರಗೆ ಹಾಕುತ್ತದೆ. ಒಂದು ಲೋಟ ಚಾ ಕುಡಿದರೆ ಎರಡು ಲೋಟ ನೀರು ಹೋಯಿತು ಅಂತ ಲೆಕ್ಕ. ಅದನ್ನು ಬಿಡಿ, ಸಹರಿಗೆ ಎರಡು ಎಳನೀರು ಕುಡಿಯಿರಿ, ತಲೆನೋವು ಬಂದರೆ ನನ್ನನ್ನು ಕೇಳಿ.

ಫ್ರೇಜರ್ ಟೌನ್ ಪಪ್ಪು
ಬೆಳಗಿನ ಜಾವ ಐದಕ್ಕೆ ಎಳನೀರು ಯಾರು ಕೊಚ್ಚಿ ಕೊಡುತ್ತಾರೆ ಗುರೂ?

ಊಟದ ಲೆಕ್ಕ
ನಾನು ಡಯಟೀಷಿಯನ್. ರಂಜಾನ್ ತಿಂಗಳಲ್ಲಿ ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಇದೇ ಮಾತು ಹೇಳುತ್ತಾರೆ, ಸಹರಿಯಲ್ಲಿ ಅಷ್ಟು ಕುಡಿದೆ, ಇಷ್ಟು ಕುಡಿದೆ ಅಂತ.

ಸವಾರ ಭಾಯ್, ಎರಡು ಲೀಟರ್ ಮಾಡಬೇಡಿ. ನೀರು ಮೈಯಲ್ಲಿ ಎಲ್ಲೋ ಶೇಖರವಾಗಿ ಕೂತು ಮಧ್ಯಾಹ್ನ ಕೆಲಸಕ್ಕೆ ಬರುತ್ತದೆ ಅನ್ನುವುದು ತಪ್ಪು ಲೆಕ್ಕ. ಒಂದೇ ಸಲ ಬರೀ ನೀರು ಜಾಸ್ತಿ ಒಳಗೆ ಹೋದರೆ ರಕ್ತ ಸ್ವಲ್ಪ ತೆಳುವಾಗುತ್ತದೆ. ಅದು ಗೊತ್ತಾದ ಕೂಡಲೇ ಮೆದುಳು ನೀರು ಹಿಡಿದಿಡುವ ಹಾರ್ಮೋನನ್ನು ಕಡಿಮೆ ಮಾಡುತ್ತದೆ. ಕಿಡ್ನಿ ಬಾಗಿಲು ತೆಗೆಯುತ್ತದೆ. ಒಂದೆರಡು ಗಂಟೆಯಲ್ಲಿ ಹೆಚ್ಚಿನದೆಲ್ಲ ಮೂತ್ರವಾಗಿ ಹೋಗುತ್ತದೆ. ಕಾವೇರಿ ನೀರು ಬಂದ ದಿನ ಸಂಪ್ ತುಂಬಿದ ಮೇಲೂ ವಾಲ್ವ್ ತಿರುಗಿಸದೆ ಬಿಟ್ಟರೆ ಏನಾಗುತ್ತದೆ? ರಸ್ತೆ ಒದ್ದೆಯಾಗುತ್ತದೆ, ಸಂಪ್ ದೊಡ್ಡದಾಗುವುದಿಲ್ಲ.

ಒಂದು ಪ್ರಶ್ನೆ. ಬೆಳಿಗ್ಗೆ ಸಹರಿ ಆದ ಮೇಲೆ ಒಂಬತ್ತು ಗಂಟೆಯೊಳಗೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ? ಬಣ್ಣ ಹೇಗಿರುತ್ತದೆ?

ತಿಲಕನಗರ ಸವಾರ
ಮೇಡಂ, ಮೂರು ಸಲ. ನೀರಿನ ಹಾಗೇ ಬಿಳಿ. ಮೂರನೇ ಸಲ ಗಾಡಿ ಮೇಲಿರುವಾಗಲೇ ಅವಸರ ಆಗುತ್ತದೆ, ಬಿಟಿಎಂನಲ್ಲಿ ಜಾಗ ಹುಡುಕುವುದೇ ದೊಡ್ಡ ಪರದಾಟ. ಆಮೇಲೆ ಸಂಜೆವರೆಗೂ ಇಲ್ಲ. ಸಂಜೆ ಹೋದರೆ ಗಾಢ ಹಳದಿ, ಉರಿ.

ಫ್ರೇಜರ್ ಟೌನ್ ಪಪ್ಪು
ಬೆಂಗಳೂರಿನಲ್ಲಿ ಡೆಲಿವರಿ ಹುಡುಗರಿಗೆ ಶೌಚಾಲಯ ಎಲ್ಲಿದೆ ಅಂತ ಬೇರೆಯೇ ಒಂದು ಚರ್ಚೆ ಶುರು ಮಾಡಬೇಕು. ಪೆಟ್ರೋಲ್ ಬಂಕ್ ಒಂದೇ ಗತಿ.

ಹೊಸೂರು ರೋಡ್ ಅಕ್ಕ
ಗಂಡಸರಿಗೆ ಬಂಕ್ ಆದರೂ ಗತಿ. ನಮ್ಮಂಥವರು ಅದಕ್ಕೇ ಹೆದರಿ ವರ್ಷವಿಡೀ ನೀರು ಕುಡಿಯುವುದಿಲ್ಲ, ರೋಜಾ ಇರಲಿ ಬಿಡಲಿ.

ಊಟದ ಲೆಕ್ಕ
ಅಕ್ಕ, ಅದು ನಿಜ, ಅದು ಇನ್ನೊಂದು ಗೋಳು.

ಸವಾರ ಭಾಯ್, ಉತ್ತರ ನೀವೇ ಹೇಳಿದಿರಿ. ಬೆಳಿಗ್ಗೆ ಬಿಳಿಯಾಗಿ ಹೋಗಿದ್ದು ನೀವು ಸಹರಿಯಲ್ಲಿ ಕುಡಿದ ನೀರೇ. ಒಂದು ಕೆಲಸ ಮಾಡಿ. ಮನೆಯಲ್ಲಿ ತೂಕದ ಯಂತ್ರ ಇದ್ದರೆ ಒಂದು ದಿನ ಮೂರು ಸಲ ನಿಂತು ನೋಡಿ: ಸಹರಿ ಮುಗಿದ ಕೂಡಲೇ, ಬೆಳಗಿನ ಆ ಮೂರು ಸಲದ ಓಡಾಟ ಮುಗಿದ ಮೇಲೆ, ಇಫ್ತಾರ್‌ಗೆ ಮುಂಚೆ. ಮೂರೂ ಸಲ ಒಂದೇ ಬಟ್ಟೆ. ಒಂದು ದಿನದಲ್ಲಿ ಇಳಿಯುವ ತೂಕ ಹೆಚ್ಚುಕಡಿಮೆ ನೀರೇ, ಒಂದು ಕೆ.ಜಿ ಅಂದರೆ ಒಂದು ಲೀಟರ್ ಅಂತ ಇಟ್ಟುಕೊಳ್ಳಿ. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತದೆ.

ಚಾ ಬಿಟ್ಟವರಿಗೆ: ದಿನಾ ಚಾ ಕುಡಿದು ಅಭ್ಯಾಸ ಇರುವವರಿಗೆ ಒಂದು ಲೋಟ ಚಾದಿಂದ ಎರಡು ಲೋಟ ನೀರು ಹೋಗುವುದಿಲ್ಲ. ಚಾದಲ್ಲಿರುವ ನೀರಿನ ಬಹುಪಾಲು ಮೈಗೆ ಸೇರುತ್ತದೆ. ರಾತ್ರಿ ಹತ್ತರ ಚಾ ಕೆಡಿಸುವುದು ನಿದ್ದೆಯನ್ನು. 4:40ಕ್ಕೆ ಏಳಬೇಕಾದವನಿಗೆ ಅದೇ ದೊಡ್ಡ ನಷ್ಟ.

ಚಾ ಬಿಟ್ಟವನು
ಆದರೂ ಚಾ ಬಿಟ್ಟ ಮೇಲೆ ನನಗೆ ತಲೆನೋವು ಹೋಗಿದ್ದು ನಿಜ ಮೇಡಂ.

ಫಾರ್ಮಸಿ ಅಂಗಡಿ
ನಿಮಗೆ ಹೋಗಿದೆ, ಭಾಯ್‌ಗೆ ಬಂದಿರುವುದೂ ಅದರಿಂದಲೇ ಇರಬಹುದು. ಸವಾರ ಭಾಯ್, ಬೇರೆ ತಿಂಗಳಲ್ಲಿ ದಿನಕ್ಕೆ ಎಷ್ಟು ಚಾ?

ತಿಲಕನಗರ ಸವಾರ
ಆರು ಏಳು. ಪ್ರತಿ ಏರಿಯಾದಲ್ಲೂ ಒಂದು ಅಂಗಡಿ ಇದೆಯಲ್ಲ.

ಫಾರ್ಮಸಿ ಅಂಗಡಿ
ಅಲ್ಲೇ ನೋಡಿ. ಆರರಿಂದ ನೇರ ಒಂದಕ್ಕೆ ಇಳಿದರೆ ಕೆಫೀನ್ ಸಿಗದ ತಲೆನೋವು ಬರುತ್ತದೆ. ಅದು ಕೊನೆಯ ಲೋಟ ಆಗಿ ಅರ್ಧ ದಿನ, ಒಂದು ದಿನದಲ್ಲಿ ಶುರುವಾಗುತ್ತದೆ, ಎರಡನೇ ದಿನದ ಹೊತ್ತಿಗೆ ಜೋರಾಗುತ್ತದೆ, ಒಂದು ವಾರ ಸುಮಾರಿಗೆ ತಾನೇ ಹೋಗುತ್ತದೆ. ರಂಜಾನ್ ಮೊದಲ ವಾರ ನಮ್ಮ ಅಂಗಡಿಗೆ ಇಫ್ತಾರ್ ಆದ ಮೇಲೆ ತಲೆನೋವಿನ ಮಾತ್ರೆಗೆ ಬರುವವರೇ ಬರುವವರು. ರಂಜಾನ್‌ಗೆ ಮುಂಚಿನ ಶಾಬಾನ್ ತಿಂಗಳ ಕೊನೆ ವಾರದಿಂದಲೇ ದಿನಕ್ಕೊಂದು ಲೋಟ ಕಡಿಮೆ ಮಾಡುತ್ತಾ ಬಂದಿದ್ದರೆ ಇದು ಇರುತ್ತಿರಲಿಲ್ಲ.

ತಿಲಕನಗರ ಸವಾರ
ಮೊದಲ ನಾಲ್ಕೈದು ದಿನ ಬೆಳಿಗ್ಗೆ ಎದ್ದಾಗಿನಿಂದಲೇ ತಲೆ ಭಾರ ಇತ್ತು, ನಿಜ. ಅದು ಹೋಯಿತು. ಈಗಿರುವುದು ಮೂರು ಗಂಟೆಯದು, ಬಿಸಿಲು ಜಾಸ್ತಿ ಇದ್ದ ದಿನ ಜಾಸ್ತಿ.

ಊಟದ ಲೆಕ್ಕ
ಹಾಗಾದರೆ ಎರಡು ಬೇರೆ ಬೇರೆ ತಲೆನೋವು. ಮೊದಲನೆಯದು ಚಾದ್ದು, ಮುಗಿಯಿತು. ಎರಡನೆಯದಕ್ಕೆ ತೂಕ ನೋಡಿ ಬನ್ನಿ.

ನೂರ್ ಅಡುಗೆಮನೆ
ಮಗಾ, ತೂಕ ಆಮೇಲೆ. ಮೊದಲು ಸಹರಿಗೆ ಬಿರಿಯಾನಿ ತಿನ್ನುವುದನ್ನು ನಿಲ್ಲಿಸು. ಎಣ್ಣೆ, ಮಸಾಲೆ, ಮೇಲೆ ಉಪ್ಪಿನಕಾಯಿ! ಹತ್ತು ಗಂಟೆಗೆ ಬಾಯಾರದೆ ಇನ್ನೇನು? ನಮ್ಮ ಮನೆಯಲ್ಲಿ ಸಹರಿಗೆ ಉಪ್ಪಿನಕಾಯಿ, ಹಪ್ಪಳದ ಡಬ್ಬಿ ಮೇಜಿನ ಮೇಲೆ ಬರುವ ಹಾಗೇ ಇಲ್ಲ.

ನನ್ನ ಇಬ್ಬರು ಗಂಡುಮಕ್ಕಳೂ ಹೊರಗೆ ದುಡಿಯುವವರು. ಅವರಿಗೆ ಎರಡು ಚಪಾತಿ, ಗಟ್ಟಿ ಬೇಳೆ, ಎರಡು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು. ಇಲ್ಲದ ದಿನ ರಾಗಿ ಅಂಬಲಿ. ರಾತ್ರಿ ಮಲಗುವ ಮುಂಚೆ ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಕುದಿಯುವ ನೀರಿಗೆ ಹಾಕಿ ಕೈಯಾಡಿಸಿ ಬೇಯಿಸಿಡುವುದು. ಚಮಚದಿಂದ ಎತ್ತಿ ಬಿಟ್ಟರೆ ರಿಬ್ಬನ್ ಹಾಗೆ ಬೀಳಬೇಕು. ಬೆಳಿಗ್ಗೆ ಮೊಸರು ಬೆರೆಸಿ ಮಜ್ಜಿಗೆಯಷ್ಟು ತೆಳು ಮಾಡಿ, ಈರುಳ್ಳಿ ಹೆಚ್ಚಿ ಹಾಕಿದರೆ ಒಂದು ದೊಡ್ಡ ಲೋಟ ಸಲೀಸಾಗಿ ಇಳಿಯುತ್ತದೆ. ಊಟವೂ ಆಯಿತು, ನೀರೂ ಆಯಿತು.

ಹಳೇ ಮೈಸೂರು ಗೌಡ
ನಮ್ಮ ಅಂಬಲಿ ಸಹರಿಗೂ ಬಂತಾ! ಹೊಲಕ್ಕೆ ಹೋಗುವವರು ಅದನ್ನೇ ಕುಡಿದು ಹೋಗುತ್ತಿದ್ದರು. ಮುದ್ದೆ ಬಸ್ಸಾರು ಮಾಡಿ ನೋಡಿ ಆಪಾ, ಸಂಜೆವರೆಗೂ ಹೊಟ್ಟೆ ಕೇಳಲ್ಲ.

ನೂರ್ ಅಡುಗೆಮನೆ
ಬೆಳಗಿನ ಜಾವ ನಾಲ್ಕೂವರೆಗೆ ಮುದ್ದೆ ತೊಳಸು ಅಂದರೆ ನನ್ನ ಸೊಸೆ ತವರಿಗೆ ಹೋಗುತ್ತಾಳೆ ಗೌಡ್ರೇ.

ಊಟದ ಲೆಕ್ಕ
ನೂರ್ ಆಪಾ ಹೇಳಿದ್ದು ಸರಿಯಾಗಿದೆ. ಚಪಾತಿ, ರಾಗಿ, ಬೇಳೆ ಇವೆಲ್ಲ ನಿಧಾನ ಕರಗುತ್ತವೆ, ಮೊಟ್ಟೆ ಮೊಸರು ಹಸಿವನ್ನು ತಡೆಯುತ್ತವೆ. ಇನ್ನೊಂದು ವಿಷಯ, ಊಟದ ಜೊತೆಗೆ ಹೋದ ನೀರು ಬರೀ ನೀರಿಗಿಂತ ನಿಧಾನವಾಗಿ ಒಳಗೆ ಇಳಿಯುತ್ತದೆ, ಮೈಯಲ್ಲಿ ಜಾಸ್ತಿ ಹೊತ್ತು ಇರುತ್ತದೆ. ಹಾಲು, ಮಜ್ಜಿಗೆ, ಅಂಬಲಿ ಎಲ್ಲದರ ಗುಣ ಅದೇ.

ಅಂಕಿ ಸಂಖ್ಯೆ
ಒಂದು ವಿರೋಧ ಇದೆ. ಉಪ್ಪು ಇದ್ದರೆ ಮೈಯಲ್ಲಿ ನೀರು ಉಳಿಯುತ್ತದೆ ಅಂತಾರೆ. ನೀವು ನೋಡಿದರೆ ಉಪ್ಪಿನಕಾಯಿ ಬೇಡ ಅನ್ನುತ್ತೀರಿ. ಎರಡರಲ್ಲಿ ಯಾವುದು?

ಊಟದ ಲೆಕ್ಕ
ಎರಡೂ. ಬೆವರಲ್ಲಿ ಉಪ್ಪು ಹೋಗುತ್ತದೆ, ಅದು ವಾಪಸ್ ಬರದಿದ್ದರೆ ಕುಡಿದ ನೀರು ನಿಲ್ಲುವುದಿಲ್ಲ. ಆದರೆ ಆ ಉಪ್ಪು ರಾತ್ರಿಯ ಊಟದಲ್ಲಿ, ಸಾರಲ್ಲಿ, ಗಂಜಿಯಲ್ಲಿ ಬರಲಿ. ಆಗ ಬಾಯಾರಿದರೆ ಕುಡಿಯಲು ಇನ್ನೂ ಹತ್ತು ಗಂಟೆ ಕೈಯಲ್ಲಿದೆ. ಸಹರಿಯ ಕೊನೆ ಗಳಿಗೆಯಲ್ಲಿ ಉಪ್ಪಿನಕಾಯಿ ತಿಂದರೆ ರಕ್ತದಲ್ಲಿ ಉಪ್ಪು ಏರುವ ಹೊತ್ತಿಗೆ ಅಜಾನ್ ಆಗಿರುತ್ತದೆ. ಬಾಯಾರಿಕೆ ಬರುತ್ತದೆ, ಕುಡಿಯುವ ಹಾಗಿಲ್ಲ.

ಅಂಕಿ ಸಂಖ್ಯೆ
ಹಾಗಾದರೆ ಸಹರಿಗೆ ಒಂದು ಲೋಟ ಓಆರ್‌ಎಸ್ ಕುಡಿದರೆ? ಉಪ್ಪೂ ಇದೆ, ನೀರೂ ಇದೆ. ನನ್ನ ಅಣ್ಣ ಕುಡಿಯುತ್ತಾನೆ, ಚೆನ್ನಾಗಿದೆ ಅನ್ನುತ್ತಾನೆ.

ಫಾರ್ಮಸಿ ಅಂಗಡಿ
ಓಆರ್‌ಎಸ್ ಅನ್ನು ಜನ ಹೇಗೆ ಕಲಸುತ್ತಾರೆ ಅಂತ ನೋಡಿದರೆ ಭಯ ಆಗುತ್ತದೆ. ದೊಡ್ಡ ಪೊಟ್ಟಣ ಅಂದರೆ ಒಂದು ಲೀಟರ್ ನೀರಿಗೆ. ಅದನ್ನು ಒಂದೇ ಲೋಟಕ್ಕೆ ಸುರಿದು ಗಟಗಟ ಅಂತ ಕುಡಿದರೆ ಉಪ್ಪಿನಕಾಯಿಗಿಂತ ಕೆಟ್ಟದ್ದು. ಪೊಟ್ಟಣದ ಹಿಂದೆ ಎಷ್ಟು ನೀರಿಗೆ ಅಂತ ಬರೆದಿರುತ್ತದೆ, ಓದಿ. ಮತ್ತೆ ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ನೀರೆಲ್ಲ ಓಆರ್‌ಎಸ್ ಅಲ್ಲ. ಬಿಪಿ, ಕಿಡ್ನಿ ತೊಂದರೆ ಇರುವವರು ನನ್ನನ್ನೂ ಕೇಳಬೇಡಿ, ಡಾಕ್ಟರನ್ನು ಕೇಳಿ.

ಊಟದ ಲೆಕ್ಕ
ಸರಿಯಾಗಿ ಕಲಸಿದರೆ ಹೊರಗೆ ಬೆವರು ಸುರಿಸುವವರಿಗೆ ಒಂದು ಲೋಟ ತಪ್ಪಲ್ಲ. ಆದರೆ ದಿನಾ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಸಾಕು.

ಅಂಕಿ ಸಂಖ್ಯೆ
ನಾನು ಒಪ್ಪಿಲ್ಲ, ಇರಲಿ.

ತಿಲಕನಗರ ಸವಾರ
ತೂಕ ನೋಡಿದೆ ಮೇಡಂ. ಇವತ್ತೂ ಹಳೇ ಪದ್ಧತಿಯಲ್ಲೇ ಒಂದೂವರೆ ಲೀಟರ್ ಕುಡಿದೆ, ನಿಜ ಗೊತ್ತಾಗಲಿ ಅಂತ. ಸಹರಿ ಆದ ಮೇಲೆ 68.2. ಒಂಬತ್ತು ಗಂಟೆಗೆ ಮನೆ ಪಕ್ಕದಲ್ಲೇ ಡೆಲಿವರಿ ಇತ್ತು, ಬಂದು ನಿಂತೆ, 67.4. ಸಂಜೆ ಇಫ್ತಾರ್‌ಗೆ ಮುಂಚೆ 66.5. ತಲೆನೋವು ಇತ್ತು.

ಊಟದ ಲೆಕ್ಕ
ಚಿನ್ನದಂಥ ಲೆಕ್ಕ ಕೊಟ್ಟಿರಿ. ಈಗ ನೋಡಿ. ದಿನವಿಡೀ ಇಳಿದಿದ್ದು 1.7 ಕೆ.ಜಿ. ಅದರಲ್ಲಿ 0.8 ಬಿಸಿಲು ಏರುವ ಮುಂಚೆಯೇ, ಮೂರೂವರೆ ನಾಲ್ಕು ಗಂಟೆಯಲ್ಲಿ ಹೋಗಿದೆ. ಅದರಲ್ಲಿ ಬೆವರು ಅಷ್ಟಿಲ್ಲ, ಬಹುಪಾಲು ಸಹರಿಯ ನೀರೇ ಮೂತ್ರವಾಗಿ ಹೋಗಿದ್ದು. ಅಂದರೆ ನೀವು ಕುಡಿದದ್ದರಲ್ಲಿ ಅರ್ಧದಷ್ಟು ಬಿಟಿಎಂನಲ್ಲಿ ಜಾಗ ಹುಡುಕುವುದಕ್ಕೆ ಮಾತ್ರ ಉಪಯೋಗಕ್ಕೆ ಬಂತು. ಒಂಬತ್ತರಿಂದ ಸಂಜೆವರೆಗೆ, ಬಿಸಿಲು, ಹೆಲ್ಮೆಟ್ ಎಲ್ಲ ಸೇರಿ 0.9. ನಿಮ್ಮ ಹಗಲಿನ ನಿಜವಾದ ಖರ್ಚು ಅದು.

ಹಾಗಾದರೆ ತಲೆನೋವು ಏಕೆ? ನೀವು ರಾತ್ರಿಯನ್ನು ಖಾಲಿ ಬಿಟ್ಟಿದ್ದೀರಿ. ಇಫ್ತಾರ್‌ನಲ್ಲಿ ಸಮೋಸ ಮತ್ತು ಶರಬತ್ತು ಹೊಟ್ಟೆ ತುಂಬಿಸಿಬಿಡುತ್ತವೆ. ಕರಿದದ್ದು ಹೊಟ್ಟೆಯಿಂದ ನಿಧಾನ ಇಳಿಯುತ್ತದೆ, ನೀರಿಗೆ ಜಾಗ ಇರುವುದಿಲ್ಲ. ಹತ್ತಕ್ಕೆ ಊಟ, ಚಾ, ನಿದ್ದೆ. ಹಿಂದಿನ ದಿನ ಕಳೆದುಕೊಂಡದ್ದು ಪೂರ್ತಿ ವಾಪಸ್ ಬರದೇ 4:40ಕ್ಕೆ ಏಳುತ್ತೀರಿ. ಆಗ ಒಂದೇ ಉಸಿರಿಗೆ ಕುಡಿದದ್ದನ್ನು ಮೈ ಹಿಡಿದಿಡುವುದಿಲ್ಲ. ಕೊರತೆ ದಿನದಿಂದ ದಿನಕ್ಕೆ ಸಾಗುತ್ತಾ ಹೋಗುತ್ತದೆ.

ಒಟ್ಟು ನೀರು ಹೆಚ್ಚಿಸಬೇಕಿಲ್ಲ, ಅದನ್ನು ಹಂಚಬೇಕು. ಆರೂವರೆಗೆ ಎರಡು ಮೂರು ಖರ್ಜೂರ, ಎರಡು ಲೋಟ ನೀರು, ನಿಧಾನವಾಗಿ. ಮಗ್ರಿಬ್ ನಮಾಜ್ ಮಾಡಿ ಬನ್ನಿ. ಆಮೇಲೆ ಒಂದು ಬಟ್ಟಲು ಗಂಜಿ. ಸಮೋಸ ಬೇಕೇ ಬೇಕಾ, ಒಂದು ತಿನ್ನಿ, ನಾಲ್ಕಲ್ಲ. ಊಟವನ್ನು ಹತ್ತಕ್ಕೆ ಇಡಬೇಡಿ, ಏಳೂವರೆಗೆ ಮುಗಿಸಿ, ಜೊತೆಗೆ ಒಂದು ಲೋಟ ಮಜ್ಜಿಗೆ. ತರಾವೀಹ್‌ಗೆ ಅರ್ಧ ಲೀಟರ್ ಬಾಟಲ್ ತೆಗೆದುಕೊಂಡು ಹೋಗಿ, ನಾಲ್ಕು ರಕಾತ್ ಆದ ಮೇಲೆ ಕೂರುವ ಹೊತ್ತಲ್ಲಿ ಎರಡೆರಡು ಗುಟುಕು, ಮನೆಗೆ ಬರುವಾಗ ಅದು ಖಾಲಿ ಆಗಿರಲಿ. ಮಲಗುವ ಮುಂಚೆ ಒಂದು ಲೋಟ ಹಾಲು. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ, ಊಟದ ಜೊತೆ ಇನ್ನೊಂದು, ಅಷ್ಟೇ. ಎಲ್ಲ ಸೇರಿದರೆ ಎರಡು ಲೀಟರ್ ಹತ್ತಿರ ಬರುತ್ತದೆ, ಹಣ್ಣು, ಸಾರು ಬೇರೆ.

ತರಾವೀಹ್ ಸಾಲು ಮೂರು
ಮಸೀದಿಯಲ್ಲಿ ಬಾಟಲ್ ಇಟ್ಟುಕೊಂಡರೆ ಹಿರಿಯರು ಗುರ್ ಅನ್ನುತ್ತಾರೆ ಮೇಡಂ.

ನೂರ್ ಅಡುಗೆಮನೆ
ಯಾರು ಗುರ್ ಅನ್ನುತ್ತಾರೆ? ನಮ್ಮ ಮಸೀದಿಯಲ್ಲಿ ಕಂಬದ ಪಕ್ಕ ಸಾಲಾಗಿ ಬಾಟಲ್ ಇರುತ್ತವೆ. ಚಪ್ಪಲಿ ಕಳೆದರೂ ಬಾಟಲ್ ಕಳೆಯುವುದಿಲ್ಲ.

ಸಿಂಪಲ್ ಸಲ್ಮಾ
ಎಲ್ಲರಿಗೂ ಒಂದು ಪ್ರಶ್ನೆ, ವಿಷಯ ಸ್ವಲ್ಪ ಬೇರೆ. ನಮ್ಮ ಅಬ್ಬಾಗೆ ಶುಗರ್. ವಯಸ್ಸು ಅರವತ್ತೆರಡು. ಎಂದಿನ ಬೆಳಗಿನ ಮಾತ್ರೆಯನ್ನು ಈಗ ಸಹರಿಗೆ ನುಂಗುತ್ತಾರೆ. ಸಂಜೆ ನಾಲ್ಕಕ್ಕೆ ಕೈ ನಡುಗುತ್ತದೆ, ಬೆವರುತ್ತಾರೆ. ಇಫ್ತಾರ್ ಆದ ಮೇಲೆ ಸರಿ ಹೋಗುತ್ತದೆ, ಅದಕ್ಕೆ ಡಾಕ್ಟರ್ ಬೇಡ ಅನ್ನುತ್ತಾರೆ. ಇವರಿಗೂ ನೀರು ಹಂಚಿದರೆ ಸಾಕಾ?

ಫಾರ್ಮಸಿ ಅಂಗಡಿ
ಸಾಲದು ಸಲ್ಮಾ. ಕೈ ನಡುಕ, ಬೆವರು ಅಂದರೆ ಶುಗರ್ ಕೆಳಗೆ ಬಿದ್ದಿರಬಹುದು. ಮಾತ್ರೆಯ ಹೆಸರು ನೋಡಿ. ಗ್ಲಿಮೆಪಿರೈಡ್ ಥರದ್ದು ಊಟ ಇರಲಿ ಬಿಡಲಿ ಇನ್ಸುಲಿನ್ ಬಿಡಿಸುತ್ತದೆ. ಅದನ್ನು ಬೆಳಗಿನ ಜಾವ ನುಂಗಿ ಹಗಲೆಲ್ಲ ಉಪವಾಸ ಇದ್ದರೆ ಹೀಗೇ ಆಗುತ್ತದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಈ ಭಯ ಕಡಿಮೆ. ರಂಜಾನ್‌ನಲ್ಲಿ ಡಾಕ್ಟರುಗಳು ಸಾಮಾನ್ಯವಾಗಿ ಅಂಥ ಮಾತ್ರೆಯನ್ನು ಇಫ್ತಾರ್ ಹೊತ್ತಿಗೆ ಬದಲಿಸಿ ಕೊಡುತ್ತಾರೆ, ಕೆಲವೊಮ್ಮೆ ಪ್ರಮಾಣ ಇಳಿಸುತ್ತಾರೆ. ಆದರೆ ನೀವೇ ಬದಲಿಸಬೇಡಿ. ನಾಳೆಯೇ ಕರೆದುಕೊಂಡು ಹೋಗಿ.

ಅಲ್ಲಿಯವರೆಗೆ ಕೈ ನಡುಗಿದ ಕೂಡಲೇ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದರೆ ಇಫ್ತಾರ್‌ಗೆ ಹತ್ತು ನಿಮಿಷ ಇದ್ದರೂ ಕಾಯಬಾರದು, ಸಕ್ಕರೆ ನೀರು ಕೊಡಿ. 300 ದಾಟಿದರೂ ಉಪವಾಸ ಬಿಡಬೇಕು.

ಸಿಂಪಲ್ ಸಲ್ಮಾ
ಬೆರಳು ಚುಚ್ಚಿದರೆ ರೋಜಾ ಮುರಿಯುತ್ತದೆ ಅಂತ ಅಬ್ಬಾ ಹಟ.

ತರಾವೀಹ್ ಸಾಲು ಮೂರು
ಮುರಿಯುವುದಿಲ್ಲ. ಇದು ಬಹಳ ಜನರಿಗೆ ಇರುವ ತಪ್ಪು ಭಾವನೆ. ನಿಮ್ಮ ಇಮಾಮರಿಂದಲೇ ಅಬ್ಬಾಗೆ ಹೇಳಿಸಿ, ನಾವು ಹೇಳಿದರೆ ಕೇಳುವುದಿಲ್ಲ. ಕಾಯಿಲೆ ಇರುವವರಿಗೆ ರಿಯಾಯಿತಿ ಕುರಾನಿನಲ್ಲೇ ಇದೆ, ಎರಡನೇ ಸೂರಾದಲ್ಲಿ. ಆಮೇಲೆ ಬೇರೆ ದಿನ ರೋಜಾ ಇಟ್ಟು ಕಜಾ ಮಾಡಬಹುದು, ಅದೂ ಆಗದವರಿಗೆ ಬಡವರಿಗೆ ಊಟ ಕೊಡುವ ಫಿದ್ಯಾ ಇದೆ.

ಹೊಸೂರು ರೋಡ್ ಅಕ್ಕ
ನಮ್ಮ ಮಾವನವರೂ ಹೀಗೇ. ಏಕಾದಶಿ ದಿನ ಶುಗರ್ ಮಾತ್ರೆ ನುಂಗಿ ಊಟ ಬಿಟ್ಟು ಬಿದ್ದರು. ದೇವರು ಬೇರೆ, ಹಟ ಒಂದೇ.

ಫ್ರೇಜರ್ ಟೌನ್ ಪಪ್ಪು
ಗಂಭೀರ ಮಾತಿನ ನಡುವೆ ಒಂದು ಕೇಳಲಾ? ಒಂದೇ ಸಮೋಸ ಅಂದರೆ ಮಾಸ್ಕ್ ರೋಡಿಗೆ ಹೋಗುವುದಾದರೂ ಯಾಕೆ? ಅಲ್ಲಿ ಹೋದವನು ಖೀಮಾ ಸಮೋಸ, ಹಲೀಮ್, ಫಾಲೂದ ಮೂರನ್ನೂ ಮುಗಿಸದೆ ಬಂದರೆ ಪಾಪ ಬರುತ್ತದೆ.

ಊಟದ ಲೆಕ್ಕ
ವಾರಕ್ಕೊಮ್ಮೆ ಹೋಗಿ ಪಪ್ಪು, ಯಾರು ಬೇಡ ಅಂದರು. ಆದರೆ ಮೊದಲು ಖರ್ಜೂರ, ನೀರು. ಒಂದು ಗಂಟೆ ಬಿಟ್ಟು ಹಲೀಮ್. ಹಲೀಮ್ ಅಂದರೆ ಗೋಧಿ, ಬೇಳೆ, ಮಾಂಸ, ಅದೇ ಪೂರ್ತಿ ಊಟ. ಅದರ ಮೇಲೆ ಮನೆಗೆ ಬಂದು ಮತ್ತೆ ಅನ್ನ ತಿನ್ನುವುದೇ ತಿಂಗಳ ಕೊನೆಗೆ ತೂಕ ಏರುವ ಗುಟ್ಟು.

ಫ್ರೇಜರ್ ಟೌನ್ ಪಪ್ಪು
ನನ್ನ ಮನೆಗೆ ಕ್ಯಾಮೆರಾ ಇಟ್ಟಿದ್ದೀರಾ?

ಚಾ ಬಿಟ್ಟವನು
ಫಾಲೂದದಲ್ಲಿ ಕಾಮಕಸ್ತೂರಿ ಬೀಜ ಇದೆ, ಅದು ಹೊಟ್ಟೆಯಲ್ಲಿ ನೀರು ಹಿಡಿದಿಟ್ಟು ಹಗಲೆಲ್ಲ ಬಿಡುತ್ತದೆ ಅಂತ ಕೇಳಿದ್ದೇನೆ.

ಊಟದ ಲೆಕ್ಕ
ಬೀಜ ನೆನೆಯುವಾಗ ನೀರು ಹೀರುತ್ತದೆ, ನಿಜ. ಒಂದು ಚಮಚ ಬೀಜ ಹೀರುವ ನೀರು ಎಷ್ಟು? ಮಲಬದ್ಧತೆಗೆ ಒಳ್ಳೆಯದು, ಬಾಯಾರಿಕೆಗೆ ಅದನ್ನು ನಂಬಬೇಡಿ.

ತಿಲಕನಗರ ಸವಾರ
ಮೇಡಂ, ಆಪಾ, ನೀವು ಹೇಳಿದ ಹಾಗೆ ಮಾಡುತ್ತಿದ್ದೇನೆ. ಗಂಜಿ ಮಸೀದಿಯಿಂದ ತರುತ್ತೇನೆ. ಊಟ ಏಳೂವರೆಗೆ, ಹತ್ತರ ಚಾ ಬಿಟ್ಟೆ. ಬಾಟಲ್ ಖಾಲಿ ಮಾಡುತ್ತೇನೆ, ಯಾರೂ ಗುರ್ ಅನ್ನಲಿಲ್ಲ. ಸಹರಿಗೆ ಚಪಾತಿ, ಬೇಳೆ, ಮೊಟ್ಟೆ, ಎರಡು ಲೋಟ ನೀರು.

ತೂಕ ಮತ್ತೆ ನೋಡಿದೆ. ಸಹರಿ ಆದ ಮೇಲೆ 67.9, ಒಂಬತ್ತಕ್ಕೆ 67.6, ಸಂಜೆ 66.8. ಸಹರಿಗೆ ಒಂದು ಲೀಟರ್ ಕಡಿಮೆ ಕುಡಿದು ಸಂಜೆ ಜಾಸ್ತಿ ಉಳಿದಿದೆ! ಬೆಳಿಗ್ಗೆ ಒಂದೇ ಸಲ ಹೋದೆ. ಮೂರು ಗಂಟೆಗೆ ತಲೆನೋವು ಇಲ್ಲ ಅಂತಲೇ ಹೇಳಬೇಕು. ಆದರೆ ಹೊರ ವರ್ತುಲ ರಸ್ತೆ ಕಡೆ ಹಾಕಿದ ದಿನ ಮತ್ತೆ ಬರುತ್ತದೆ. ಅಲ್ಲಿ ನೆರಳೇ ಇಲ್ಲ.

ಅಂಕಿ ಸಂಖ್ಯೆ
ಒಂದು ದಿನದ ತೂಕದಿಂದ ಇಷ್ಟು ದೊಡ್ಡ ತೀರ್ಮಾನ ಬೇಡ. ಆ ದಿನ ಮೋಡ ಇತ್ತಾ? ನಿದ್ದೆ ಜಾಸ್ತಿ ಆಯಿತಾ? ಹತ್ತರ ಚಾ ಬಿಟ್ಟಿದ್ದೀರಿ ಬೇರೆ, ತಲೆನೋವು ನಿದ್ದೆಯಿಂದಲೂ ಹೋಗಿರಬಹುದು.

ಊಟದ ಲೆಕ್ಕ
ಇರಬಹುದು. ನಿದ್ದೆಯ ಪಾಲು ಎಷ್ಟು, ನೀರಿನ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳುವುದು ಕಷ್ಟ. ಸಂಜೆಯ ಮೂತ್ರದ ಬಣ್ಣ ಹೇಗಿದೆ ಭಾಯ್?

ತಿಲಕನಗರ ಸವಾರ
ಹಳದಿಯೇ, ಆದರೆ ಮೊದಲಿನಷ್ಟು ಗಾಢ ಅಲ್ಲ. ಉರಿ ಇಲ್ಲ.

ಊಟದ ಲೆಕ್ಕ
ಹಾಗಾದರೆ ಸರಿ ದಾರಿಯಲ್ಲಿದ್ದೀರಿ. ಸಂಜೆ ಪೂರ್ತಿ ತಿಳಿಯಾಗಿರಬೇಕು ಅಂತೇನಿಲ್ಲ. ವರ್ತುಲ ರಸ್ತೆಯ ದಿನಕ್ಕೆ ನೀರಿನಿಂದ ಪರಿಹಾರ ಇಲ್ಲ, ಬೆವರು ಕಡಿಮೆ ಮಾಡಬೇಕು ಅಷ್ಟೇ. ಆ ಕಡೆಯ ಡೆಲಿವರಿ ಬೆಳಿಗ್ಗೆಯೇ ಮುಗಿಸಲು ಕೇಳಿ ನೋಡಿ. ಜೊಹರ್ ನಮಾಜಿಗೆ ನಿಂತಾಗ ತಲೆ, ಕತ್ತು, ಕೈ ಚೆನ್ನಾಗಿ ಒದ್ದೆ ಮಾಡಿಕೊಳ್ಳಿ, ಹೆಲ್ಮೆಟ್ ಒಳಗೆ ತೆಳು ಹತ್ತಿ ಬಟ್ಟೆ ನೆನೆಸಿ ಕಟ್ಟಿ.

ನಿಂತಲ್ಲೇ ತಲೆ ಸುತ್ತಿದರೆ, ಮಾತು ತೊದಲಿದರೆ, ಬಿಸಿಲಲ್ಲಿ ಬೆವರು ನಿಂತೇ ಹೋದರೆ ಗಾಡಿ ನಿಲ್ಲಿಸಿ ನೀರು ಕುಡಿಯಬೇಕು. ಅವತ್ತು ಇಫ್ತಾರ್‌ವರೆಗೆ ತಡೆಯುತ್ತೇನೆ ಅನ್ನಬಾರದು.

ತರಾವೀಹ್ ಸಾಲು ಮೂರು
ಬಾಯಾರಿಕೆ, ಸೆಕೆ ಜಾಸ್ತಿ ಆದಾಗ ತಲೆ ಮೇಲೆ ನೀರು ಹಾಕಿಕೊಳ್ಳುವುದಕ್ಕೆ ಹದೀಸ್ ಆಧಾರವೇ ಇದೆ. ರೋಜಾಗೆ ಏನೂ ಆಗುವುದಿಲ್ಲ.

ಜಯನಗರ ಮಂಜು
ಸವಾರ ಭಾಯ್, ನಾನು ನಾಲ್ಕನೇ ಬ್ಲಾಕ್‌ನಲ್ಲಿದ್ದೇನೆ. ನಮ್ಮ ಅಂಗಡಿ ಹಿಂದೆ ನಲ್ಲಿ ಇದೆ, ಟಾಯ್ಲೆಟ್ಟೂ ಇದೆ, ಫ್ಯಾನ್ ಕೆಳಗೆ ಜಾಗವೂ ಇದೆ. ಮಧ್ಯಾಹ್ನ ಅರ್ಧ ಗಂಟೆ ಬಂದು ಮಲಗಿ ಹೋಗಿ. ಮೆಸೇಜ್ ಹಾಕಿ.

ತಿಲಕನಗರ ಸವಾರ
ಖಂಡಿತ ಬರುತ್ತೇನೆ ಮಂಜು ಅಣ್ಣ.

ಸಿಂಪಲ್ ಸಲ್ಮಾ
ಅಬ್ಬಾನ ಕರೆದುಕೊಂಡು ಹೋಗಿ ಬಂದೆ. ಗ್ಲಿಮೆಪಿರೈಡೇ ಇತ್ತು. ಡಾಕ್ಟರ್ ಪ್ರಮಾಣ ಇಳಿಸಿ ಇಫ್ತಾರ್‌ಗೆ ಬರೆದುಕೊಟ್ಟರು. ಇಮಾಮರಿಂದ ಹೇಳಿಸಿದ ಮೇಲೆ ಬೆರಳು ಕೊಟ್ಟರು, ಮುಖ ಆ ಕಡೆ ತಿರುಗಿಸಿಕೊಂಡು.

ಹಳೇ ಮೈಸೂರು ಗೌಡ
ನೂರ್ ಆಪಾ, ಆ ಮಸೀದಿ ಗಂಜಿ ಹೇಗೆ ಮಾಡುತ್ತಾರೆ ಅಂತ ಬರೆಯಿರಿ. ನಮ್ಮ ಕಡೆ ಗಂಜಿ ಅಂದರೆ ಜ್ವರ ಬಂದವರಿಗೆ ಮಾತ್ರ.

ನೂರ್ ಅಡುಗೆಮನೆ
ಗೌಡ್ರೇ, ಇದು ಜ್ವರದ ಗಂಜಿ ಅಲ್ಲ. ಒಂದು ಲೋಟ ಅಕ್ಕಿ ನುಚ್ಚು, ಕಾಲು ಲೋಟ ಹೆಸರುಬೇಳೆ, ಅರ್ಧ ಚಮಚ ಮೆಂತ್ಯ. ಎಣ್ಣೆಗೆ ಚಕ್ಕೆ ಲವಂಗ, ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಟೊಮೆಟೊ, ಒಂದು ಹಿಡಿ ಮಟನ್ ಖೀಮಾ ಹಾಕಿ ಹುರಿದು, ಎಂಟು ಲೋಟ ನೀರು ಹಾಕಿ ನುಚ್ಚು ಒಡೆದು ಹೋಗುವವರೆಗೆ ಬೇಯಿಸುವುದು. ಕೊನೆಗೆ ತೆಂಗಿನ ಹಾಲು, ಪುದೀನ. ಕುಡಿಯುವ ಹಾಗಿರಬೇಕು, ತಿನ್ನುವ ಹಾಗಲ್ಲ. ಮಾಂಸ ಬೇಡ ಅಂದರೆ ಕ್ಯಾರೆಟ್ ಹಾಕಿ.

ಅಂಕಿ ಸಂಖ್ಯೆ
ಎಂಟು ಲೋಟ ಜಾಸ್ತಿ ಆಯಿತು. ನಮ್ಮಲ್ಲಿ ಆರು.

ನೂರ್ ಅಡುಗೆಮನೆ
ನಿಮ್ಮಲ್ಲಿ ಮಾಡುವುದು ಗಂಜಿ ಅಲ್ಲ, ಪೊಂಗಲ್.